ಹಿರಿಯರಿಗೆ ಡಿಜಿಟಲ್ ಪಾವತಿ ಸುರಕ್ಷತೆ: ಒಂದೇ ಮಾತನ್ನು ನಾಲ್ಕು ರೀತಿ ಹೇಳಿ ನೋಡಿದೆ

ಹಿರಿಯರ ಗುಂಪುಗಳಿಗೆ ಮೊಬೈಲ್ ಪಾವತಿಯ ಮೋಸಗಳ ಬಗ್ಗೆ ಮಾತನಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾಲ್ಕು ಗುಂಪು, ನಾಲ್ಕು ದಿನ. ವಿಷಯ ಒಂದೇ. ಪ್ರತಿ ಸಲ ತಯಾರಿಯನ್ನು ಬದಲಿಸಿದೆ. ಯಾವುದು ನಿಜವಾಗಿ ತಲುಪುತ್ತದೆ ಎಂದು ನನಗೇ ತಿಳಿಯಬೇಕಿತ್ತು.

ಅಳೆಯಲು ಒಂದು ದಾರಿ ಮಾಡಿಕೊಂಡೆ. "ಅರ್ಥ ಆಯ್ತಾ?" ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಹಾಗಾಗಿ ಮಾತು ಮುಗಿದು ಅರ್ಧ ಗಂಟೆಯ ನಂತರ, ಹೊರಡುವ ಹೊತ್ತಿಗೆ, ನನ್ನ ಗೆಳತಿ ಒಬ್ಬೊಬ್ಬರ ಹತ್ತಿರ ಹೋಗಿ ಮೋಸಗಾರನ ಮಾತನ್ನು ಆಡಿ ತೋರಿಸುತ್ತಿದ್ದಳು: "ನೀವು ಮಾರೋಕಿಟ್ಟ ಹಳೆ ಮಂಚ ನಂಗೆ ಬೇಕು. ಹಣ ಈಗಲೇ ಕಳಿಸ್ತೀನಿ. ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮ್ಮ ಖಾತೆಗೆ ಬಂದುಬಿಡತ್ತೆ." ಏನು ಮಾಡುತ್ತೀರಿ, ಯಾಕೆ? ಸರಿಯಾದ ಉತ್ತರ ಸಾಲದು, ಕಾರಣವನ್ನೂ ಹೇಳಬೇಕು. ಗುಂಪುಗಳು ಬೇರೆ ಬೇರೆ, ಜನರ ಅನುಭವವೂ ಬೇರೆ. ಆದ್ದರಿಂದ ಇದನ್ನು ಪ್ರಯೋಗಶಾಲೆಯ ಫಲಿತಾಂಶದಂತೆ ನೋಡಬೇಡಿ. ಆದರೂ ನಾಲ್ಕರ ನಡುವಿನ ಅಂತರ ಕಣ್ಣಿಗೆ ಹೊಡೆಯುವಷ್ಟಿತ್ತು.

ಮೊದಲನೆಯದು ಸಾಮಾನ್ಯ ಭಾಷಣ. 22 ಸ್ಲೈಡ್, 24 ಪಾಯಿಂಟ್ ಅಕ್ಷರ, 40 ನಿಮಿಷ. ಒಟಿಪಿ, ಪಿನ್, ನಕಲಿ ಲಿಂಕ್, ನಕಲಿ ಸಹಾಯವಾಣಿ, ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್, ಕ್ಯೂಆರ್ ಕೋಡ್, ಎಲ್ಲವೂ ಇತ್ತು. ಕೊನೆಯಲ್ಲಿ ಮಂಚದ ಪ್ರಶ್ನೆಗೆ ಕಾರಣ ಸಮೇತ ಉತ್ತರಿಸಿದವರು ಅರ್ಧಕ್ಕಿಂತ ಕಡಿಮೆ. ಹಿಂದಿನ ಸಾಲಿನವರು, "ಅಕ್ಷರ ಕಾಣ್ಲಿಲ್ಲ ಕಣಮ್ಮ, ಸುಮ್ನೆ ಕೇಳ್ತಾ ಕೂತಿದ್ವಿ" ಅಂದರು.

ಹಾಗಾದರೆ ಅಕ್ಷರ ಎಷ್ಟು ದೊಡ್ಡದಿರಬೇಕು? ಇದನ್ನು ಊಹೆಗೆ ಬಿಡಬೇಕಿಲ್ಲ, ಲೆಕ್ಕ ಹಾಕಬಹುದು. ಒಳ್ಳೆಯ ದೃಷ್ಟಿಯವರಿಗೆ 6 ಮೀಟರ್ ದೂರದಿಂದ ಸುಮಾರು 9 ಮಿಲಿಮೀಟರ್ ಎತ್ತರದ ಅಕ್ಷರವನ್ನು ಗುರುತಿಸಲು ಆಗುತ್ತದೆ. ಕಣ್ಣಿನ ಪರೀಕ್ಷೆಯ ಚಾರ್ಟ್ ನಿಂತಿರುವುದೇ ಈ ಅಳತೆಯ ಮೇಲೆ. ನಮ್ಮ ಕೊನೆಯ ಸಾಲು 8 ಮೀಟರ್ ದೂರದಲ್ಲಿತ್ತು, ಅಲ್ಲಿಗೆ 12 ಮಿಲಿಮೀಟರ್ ಬೇಕು. ದೃಷ್ಟಿ ಅರ್ಧಕ್ಕೆ ಇಳಿದವರಿಗೆ 24. ಅದೂ ಕಣ್ಣು ಕಿರಿದು ಮಾಡಿ ಗುರುತಿಸುವಷ್ಟು ಮಾತ್ರ. ಆರಾಮಾಗಿ ಓದಲು ಅದರ ಎರಡರಷ್ಟು, ಅಂದರೆ ಸುಮಾರು 5 ಸೆಂಟಿಮೀಟರ್ ಇಟ್ಟುಕೊಂಡೆ.

ಈಗ ಪರದೆಯ ಕಡೆ ಬರೋಣ. ಸಾಮಾನ್ಯ ಅಗಲ ಸ್ಲೈಡಿನ ಎತ್ತರ 7.5 ಇಂಚು, ಅಂದರೆ 540 ಪಾಯಿಂಟ್. ನಮ್ಮ ಪರದೆಯ ಮೇಲೆ ಆ 540 ಪಾಯಿಂಟ್ ಒಂದೂವರೆ ಮೀಟರ್ ಆಗಿ ಹರಡುತ್ತಿತ್ತು. 24 ಪಾಯಿಂಟ್ ಅಂದರೆ ಅಲ್ಲಿ ಸುಮಾರು 6.7 ಸೆಂಟಿಮೀಟರ್. ಸಾಕಲ್ವಾ ಅನ್ನಿಸುತ್ತದೆ. ಆದರೆ ಪಾಯಿಂಟ್ ಅಳತೆಯೊಳಗೆ ಮೇಲಿನ ಗುಡಿಸು, ಕೆಳಗಿನ ಒತ್ತಕ್ಷರ ಎಲ್ಲಕ್ಕೂ ಜಾಗ ಸೇರಿರುತ್ತದೆ. ನಾನು ಬಳಸಿದ ಫಾಂಟಿನಲ್ಲಿ 'ನ', 'ರ' ಮುಂತಾದ ಮೂಲ ಅಕ್ಷರ ಅದರ ಅರ್ಧದಷ್ಟು ಮಾತ್ರ ಇತ್ತು, ಒತ್ತಕ್ಷರ ಇನ್ನೂ ಸಣ್ಣದು. ಟೇಪ್ ಹಿಡಿದು ಅಳೆದರೆ ಮೂಲ ಅಕ್ಷರ 3 ಸೆಂಟಿಮೀಟರ್ ಹತ್ತಿರ, ಒತ್ತು ಒಂದೂವರೆ. ಒತ್ತು ಕಾಣದಿದ್ದರೆ 'ಸತ್ಯ' ಯಾವುದು, 'ಸತ್ವ' ಯಾವುದು ಎಂದು ತಿಳಿಯುವುದಿಲ್ಲ. 40 ಪಾಯಿಂಟಿಗೆ ಏರಿಸಿದರೆ ಮೂಲ ಅಕ್ಷರ ಐದೂವರೆ ಸೆಂಟಿಮೀಟರ್ ಆಗುತ್ತದೆ, ಒತ್ತೂ ಗುರುತು ಸಿಗುವ ಅಳತೆಗೆ ಬರುತ್ತದೆ. ಜೊತೆಗೆ ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಎರಡನೆಯ ಸಲ ಅದನ್ನೇ ಮಾಡಿದೆ. ಹಳೆಯ ಭಾಷಣವನ್ನೇ 40 ಪಾಯಿಂಟಿಗೆ ಏರಿಸಿದೆ. ಒಂದೊಂದು ಸ್ಲೈಡ್ ಒಡೆದು ಎರಡಾಯಿತು, 22 ಇದ್ದದ್ದು 41 ಆಯಿತು. ಸಮಯ ಮಾತ್ರ ಅದೇ 40 ನಿಮಿಷ. ಒಂದು ಸ್ಲೈಡಿಗೆ ಒಂದು ನಿಮಿಷವೂ ಸಿಗಲಿಲ್ಲ. ಜನ ಓದಲು ಶುರು ಮಾಡುವಷ್ಟರಲ್ಲಿ ನಾನು ಮುಂದಿನದಕ್ಕೆ ಹೋಗಿರುತ್ತಿದ್ದೆ. ಇದು ಮೊದಲನೆಯದಕ್ಕಿಂತಲೂ ಕೆಟ್ಟದಾಗಿ ಹೋಯಿತು, ಮಂಚದ ಪ್ರಶ್ನೆಗೆ ಉತ್ತರಿಸಿದವರು ಇನ್ನೂ ಕಡಿಮೆ. ಅಕ್ಷರ ಮಾತ್ರ ದೊಡ್ಡದು ಮಾಡಿ, ವಿಷಯ ಕಡಿಮೆ ಮಾಡದಿದ್ದರೆ ಭಾಷಣದ ಓಟ ಜಾಸ್ತಿಯಾಗುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು.

ಈ ಸಲ ಇನ್ನೊಂದು ತಪ್ಪೂ ಕಾಣಿಸಿತು. ಮೋಸದ ಸಂದೇಶದ ಚಿತ್ರವನ್ನು ಪರದೆ ತುಂಬಾ ತೋರಿಸಿ, ಮೂಲೆಯಲ್ಲಿ ಕೆಂಪು ಗುಣಿಸು ಚಿಹ್ನೆ ಹಾಕಿದ್ದೆ. ಹೊರಡುವಾಗ ಒಬ್ಬ ಅಜ್ಜಿ, "ಹಣ ಬರ್ಬೇಕಾದ್ರೆ ಕೋಡ್ ಸ್ಕ್ಯಾನ್ ಮಾಡ್ಬೇಕು ಅಂತ ನೀವೇ ತೋರಿಸಿದ್ರಲ್ಲಮ್ಮ" ಅಂದರು. ಅವರ ತಪ್ಪು ಏನೂ ಇಲ್ಲ. ದೊಡ್ಡದಾಗಿ ಕಂಡದ್ದು ನೆನಪಿನಲ್ಲಿ ಉಳಿಯಿತು, 'ಇದು ಸುಳ್ಳು' ಎಂಬ ಗುರುತು ಅಳಿಸಿಹೋಯಿತು. ವಯಸ್ಸಾದಂತೆ ಕೇಳಿದ್ದು ನೆನಪಿರುತ್ತದೆ, ಎಲ್ಲಿ, ಯಾವ ಸಂದರ್ಭದಲ್ಲಿ ಕೇಳಿದ್ದು ಎಂಬುದು ಬೇಗ ಮಸುಕಾಗುತ್ತದೆ. ಅಂದಿನಿಂದ ಸುಳ್ಳನ್ನು ಪರದೆಗೆ ತರುವುದನ್ನೇ ಬಿಟ್ಟೆ. ಸುಳ್ಳನ್ನು ಬಾಯಲ್ಲಿ ಹೇಳುತ್ತೇನೆ, ನಿಜವನ್ನು ಮಾತ್ರ ಬರೆದು ತೋರಿಸುತ್ತೇನೆ.

ಮೂರನೆಯದು ಪೂರ್ತಿ ಬೇರೆ. ಐದೇ ಸ್ಲೈಡ್, ಒಂದರಲ್ಲಿ ಒಂದೇ ವಾಕ್ಯ, 54 ಪಾಯಿಂಟ್, ತಿಳಿ ಕೆನೆ ಬಣ್ಣದ ಮೇಲೆ ಕಪ್ಪು ಅಕ್ಷರ. ಬಿಳಿ ಹಿನ್ನೆಲೆ ಬಿಟ್ಟದ್ದು ಯಾಕೆಂದರೆ ಕಣ್ಣಿನ ಪೊರೆ ಇರುವವರಿಗೆ ಹೊಳೆಯುವ ಬಿಳಿ ಕುಕ್ಕುತ್ತದೆ. ನೀಲಿ, ಹಸಿರು ಅಕ್ಷರಗಳನ್ನೂ ತೆಗೆದೆ, ವಯಸ್ಸಾದ ಕಣ್ಣಿಗೆ ಅವೆರಡರ ವ್ಯತ್ಯಾಸ ಸರಿಯಾಗಿ ಸಿಗುವುದಿಲ್ಲ. ಲಿಂಕ್, ಸ್ಕ್ರೀನ್ ಹಂಚಿಕೆ, ನಕಲಿ ಸಹಾಯವಾಣಿ ಎಲ್ಲವೂ ಹೋಗಿ ಮೂರು ಮಾತು ಉಳಿದವು: ಹಣ ಬರಲು ಪಿನ್ ಬೇಡ. ಒಟಿಪಿ ನಿಮ್ಮ ಕಣ್ಣಿಗೆ ಮಾತ್ರ. ಅವಸರ ಮಾಡಿದರೆ ಫೋನ್ ಇಡಿ. ಉಳಿದೆರಡು ಸ್ಲೈಡಿನಲ್ಲಿ ಹಣ ಹೋಗಿಬಿಟ್ಟರೆ ಮೊದಲು ಏನು ಮಾಡಬೇಕು ಎಂಬುದು: ತಕ್ಷಣ ಬ್ಯಾಂಕಿಗೆ ಕರೆ, ಕಾರ್ಡಿನ ಹಿಂದೆ ಅಚ್ಚಾದ ಸಂಖ್ಯೆಗೆ.

ಮೊದಲ ವಾಕ್ಯವನ್ನು ಹೀಗೆ ಬರೆಯಲು ಎರಡು ಸಲ ತಿದ್ದಬೇಕಾಯಿತು. ಮೊದಲು 'ಪಿನ್ ಹಾಕುವುದು ಹಣ ಕಳಿಸಲು ಮಾತ್ರ' ಎಂದಿತ್ತು. ಒಬ್ಬ ತಾತ ಎದ್ದು, "ಬ್ಯಾಲೆನ್ಸ್ ನೋಡೋಕೂ ಪಿನ್ ಕೇಳತ್ತಲ್ಲಮ್ಮ?" ಅಂದರು. ನಿಜ, ಕೆಲವು ಆ್ಯಪ್‌ಗಳಲ್ಲಿ ಕೇಳುತ್ತದೆ. ಒಂದು ಅಪವಾದ ಸಿಕ್ಕರೆ ಕೇಳುವವರು ಇಡೀ ನಿಯಮವನ್ನೇ ನಂಬುವುದಿಲ್ಲ. 'ಹಣ ಬರಲು ಪಿನ್ ಬೇಡ' ಎಂಬುದಕ್ಕೆ ಅಂಥ ತೊಡಕಿಲ್ಲ.

ಮಾತಿನ ವೇಗವನ್ನೂ ಅಳೆದೆ. ಹಿಂದಿನ ಎರಡು ಭಾಷಣಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. ಒಂದು ನಿಮಿಷದ ಪದ ಎಣಿಸಿದರೆ 110 ದಾಟುತ್ತಿತ್ತು. ಈ ಸಲ 80ರ ಹತ್ತಿರ ಇಟ್ಟುಕೊಂಡೆ. ಆದರೆ ಪದಗಳನ್ನು ಎಳೆದು ಎಳೆದು ಹೇಳುವುದು ನಿಧಾನವಲ್ಲ, ಅದು ಚಿಕ್ಕ ಮಕ್ಕಳ ಜೊತೆ ಮಾತನಾಡಿದ ಹಾಗೆ ಕೇಳಿಸುತ್ತದೆ, ಹಿರಿಯರಿಗೆ ನೋವಾಗುತ್ತದೆ. ಪದಗಳು ಮಾಮೂಲಿ ಲಯದಲ್ಲೇ ಇರಲಿ, ವಾಕ್ಯ ಮುಗಿದ ಮೇಲೆ ನಿಲ್ಲಿಸಬೇಕು. ನಾನು ಮುಖ್ಯ ವಾಕ್ಯದ ನಂತರ ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಿದ್ದೆ. ಕೂಗುವುದೂ ಬೇಡ. ವಯಸ್ಸಿನೊಂದಿಗೆ ಮೊದಲು ಕಿವಿಗೆ ತಪ್ಪುವುದು ಸ, ಶ, ತ, ಕ ಮುಂತಾದ ಸಣ್ಣ ಸದ್ದುಗಳು. ಕೂಗಿದರೆ ಸ್ವರಗಳು ಮಾತ್ರ ದೊಡ್ಡದಾಗುತ್ತವೆ. ಮೈಕ್ ಹಿಡಿದು, ಮುಖ ಅವರ ಕಡೆಗಿಟ್ಟು ಮಾತನಾಡಿದರೆ ತುಟಿಯ ಚಲನೆಯೂ ನೆರವಿಗೆ ಬರುತ್ತದೆ. ಪರದೆಯ ಕಡೆ ತಿರುಗಿ ಓದುವುದನ್ನು ಬಿಟ್ಟೆ.

ಕಥೆ ಹೇಳುವಾಗ B ಕೀ ಒತ್ತಿ ಪರದೆಯನ್ನು ಕಪ್ಪು ಮಾಡುತ್ತಿದ್ದೆ. ಪ್ರೆಸೆಂಟೇಶನ್ ತಂತ್ರಾಂಶಗಳಲ್ಲಿ ಬಹುತೇಕ ಇದು ಕೆಲಸ ಮಾಡುತ್ತದೆ. ಓದುವುದೂ ಕೇಳುವುದೂ ಒಟ್ಟಿಗೆ ಬಂದರೆ ಎರಡೂ ತಪ್ಪುತ್ತವೆ. ಪರದೆ ಕಪ್ಪಾದ ಕೂಡಲೇ ಎಲ್ಲರ ಕಣ್ಣು ನನ್ನ ಕಡೆ ತಿರುಗುತ್ತಿತ್ತು. ಈ ಸಲ ಮಂಚದ ಪ್ರಶ್ನೆಗೆ ಮುಕ್ಕಾಲು ಪಾಲು ಜನ ಕಾರಣ ಹೇಳಿ ಉತ್ತರಿಸಿದರು. ಸಮಯ ಎಷ್ಟು ಗೊತ್ತಾ? ಮಾತು 25 ನಿಮಿಷ, ಉಳಿದ 15 ಅವರ ಪ್ರಶ್ನೆಗಳಿಗೆ.

ನಾಲ್ಕನೆಯದರಲ್ಲಿ ಸ್ಲೈಡೇ ಇಲ್ಲ. ಹನ್ನೊಂದು ಜನ, ದುಂಡಗೆ ಕುರ್ಚಿ, ಕೈಯಲ್ಲಿ ಅವರವರ ಫೋನ್, 24 ಪಾಯಿಂಟಿನಲ್ಲಿ ಮುದ್ರಿಸಿದ ಒಂದು ಹಾಳೆ. ಕೈಯಲ್ಲಿ ಹಿಡಿದು ಓದಲು 24 ಧಾರಾಳ. ಮೋಸಗಾರನ ಕರೆಯನ್ನು ಗೆಳತಿ ಆಡಿ ತೋರಿಸಿದಳು, ಒಬ್ಬೊಬ್ಬರೂ ಫೋನ್ ಇಡುವುದನ್ನು ಅಭ್ಯಾಸ ಮಾಡಿದರು. ಮರ್ಯಾದಸ್ಥರಿಗೆ ಮಾತಿನ ನಡುವೆ ಫೋನ್ ಇಡುವುದು ಕಷ್ಟ. ಅದಕ್ಕೇ "ಮನೆಯವರನ್ನು ಕೇಳಿ ಹೇಳ್ತೀನಿ" ಎಂಬ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಸಿದೆ. ಒಬ್ಬರನ್ನು ಬಿಟ್ಟು ಎಲ್ಲರೂ ಸರಿಯಾಗಿ ಹೇಳಿದರು. ಇದರ ತೊಂದರೆ ಒಂದೇ: ಹನ್ನೆರಡು ಹದಿನೈದು ಜನ ದಾಟಿದರೆ ನಡೆಯುವುದಿಲ್ಲ. ಇಬ್ಬರು ನಡೆಸಬೇಕು, ಒಂದೂಕಾಲು ಗಂಟೆ ಬೇಕು.

ನನ್ನ ಆಯ್ಕೆ ಈಗ ಹೀಗಿದೆ. ಹದಿನೈದರೊಳಗೆ ಜನ ಇದ್ದರೆ ಪ್ರೊಜೆಕ್ಟರ್ ಒಯ್ಯುವುದೇ ಇಲ್ಲ. ಜಾಸ್ತಿ ಇದ್ದರೆ ಐದು ಸ್ಲೈಡ್, ಜೊತೆಗೆ ಅದೇ ಮುದ್ರಿತ ಹಾಳೆ. ಹಾಳೆಯನ್ನು ಮಾತು ಮುಗಿದ ಮೇಲೆ ಕೊಡುತ್ತೇನೆ, ಮೊದಲೇ ಕೊಟ್ಟರೆ ತಲೆಗಳು ಅದರೊಳಗೇ ಇರುತ್ತವೆ. ಕೊನೆಯಲ್ಲಿ ಒಂದು ಖಾಲಿ ಗೆರೆ ಬಿಟ್ಟಿರುತ್ತೇನೆ. ಕಾರ್ಡ್ ಕಳೆದರೂ ಸಿಗಲಿ ಅಂತ, ಕಾರ್ಡಿನ ಹಿಂದಿನ ಬ್ಯಾಂಕ್ ಸಂಖ್ಯೆಯನ್ನು ಅವರೇ ತಮ್ಮ ಕೈಯಿಂದ ಅಲ್ಲಿ ಬರೆದುಕೊಳ್ಳುವವರೆಗೂ ಯಾರನ್ನೂ ಎಬ್ಬಿಸುವುದಿಲ್ಲ.