ದಿರ್ಹಮ್ ವಾಲೆಟ್ಟೋ, ಡಾಲರ್ ಕಾರ್ಡೋ: ಮಿಕ್ಕ ದುಡ್ಡು ಶಿರಸಿಗೆ ಮರಳುವ ತನಕದ ಲೆಕ್ಕ

ಶಿರಸಿ, ಕುಮಟಾ, ಭಟ್ಕಳದ ಕಡೆಯಿಂದ ಹತ್ತು ದಿನಕ್ಕೆ ದುಬೈಗೆ ಹೊರಟವರ ಮುಂದೆ ಪ್ರೀಪೇಯ್ಡ್ ಫಾರೆಕ್ಸ್ ಕಾರ್ಡಿನ ಎರಡು ದಾರಿಗಳಿರುತ್ತವೆ. ಒಂದು, ನಿಮ್ಮ ಉಳಿತಾಯ ಖಾತೆ ಇರುವ ಬ್ಯಾಂಕಿನ ಬಹುಕರೆನ್ಸಿ ಕಾರ್ಡ್. ಅದರೊಳಗೆ ದಿರ್ಹಮ್ ವಾಲೆಟ್ ತೆರೆದು ಹಣ ತುಂಬಿಸುವುದು. ಇನ್ನೊಂದು, ಹಣ ವಿನಿಮಯದ ಅಂಗಡಿಯವರು ಕೊಡುವ ಡಾಲರ್ ಕಾರ್ಡ್. ಒಂದೇ ಪ್ರವಾಸದಲ್ಲಿ ಎರಡನ್ನೂ ಉಜ್ಜಿ ನೋಡಿದ ಮೇಲೆ ಬರೆದ ಹೋಲಿಕೆ ಇದು. ಕೊಳ್ಳುವಾಗಿನ ದರವನ್ನಷ್ಟೇ ನೋಡಿ ಕಾರ್ಡ್ ಆರಿಸಿದರೆ ಪೆಟ್ಟು ಬೀಳುವುದು ವಾಪಸು ಬಂದ ಮೇಲೆ.

ಮೊದಲು ಬ್ಯಾಲೆನ್ಸ್ ಓದುವ ವಿಷಯ. ದಿರ್ಹಮ್ ವಾಲೆಟ್ಟಿನಲ್ಲಿ ಓದುವುದು ಸುಲಭ. ಬಿಲ್ಲು 85 ದಿರ್ಹಮ್ ಆದರೆ ಆ್ಯಪಿನಲ್ಲೂ 85 ಇಳಿಯುತ್ತದೆ. ಡಾಲರ್ ಕಾರ್ಡಿನಲ್ಲಿ ಒಂದು ಲೆಕ್ಕ ಗೊತ್ತಿರಬೇಕು. ಯುಎಇ ತನ್ನ ದಿರ್ಹಮನ್ನು ಡಾಲರಿಗೆ 3.6725ರಂತೆ ಕಟ್ಟಿಹಾಕಿದೆ, ದಿನದಿನಕ್ಕೆ ಏರಿಳಿಯುವುದಿಲ್ಲ. ಹಾಗಾಗಿ 367.25 ದಿರ್ಹಮಿನ ಖರೀದಿಗೆ ಕಾರ್ಡಿನಿಂದ ಹೆಚ್ಚುಕಡಿಮೆ 100 ಡಾಲರ್ ಹೋಗಬೇಕು. 103.50 ಹೋಗಿದ್ದರೆ ಆ ಮೂರೂವರೆ ಡಾಲರ್ ಕರೆನ್ಸಿ ಬದಲಾವಣೆಯ ಶುಲ್ಕ, ಅಂದರೆ ಶೇ 3.5. ಯಾವ ಡಾಲರ್ ಕಾರ್ಡಿಗಾದರೂ ದುಬೈಯಲ್ಲಿ ಇಳಿದ ದಿನವೇ ಒಂದು ಸಣ್ಣ ಖರೀದಿ ಮಾಡಿ, ಬಿಲ್ಲಿನ ದಿರ್ಹಮನ್ನು 3.6725ರಿಂದ ಭಾಗಿಸಿ ನೋಡಿ. ಶುಲ್ಕ ಎಷ್ಟೆಂಬುದು ಕೌಂಟರಿನಲ್ಲಿ ಕೇಳಿದ ಮಾತಿಗಿಂತ ಇದರಲ್ಲಿ ಸ್ಪಷ್ಟವಾಗುತ್ತದೆ. ಈ ಶುಲ್ಕ ತೆಗೆದುಕೊಳ್ಳದ ಡಾಲರ್ ಕಾರ್ಡುಗಳೂ ಇವೆ. ಅಂಥದ್ದು ಸಿಕ್ಕರೆ ಇಬ್ಬರದೂ ಇಲ್ಲಿ ಸರಿಸಮ.

ಎರಡೂ ಕಾರ್ಡಿನಲ್ಲಿ ಜನ ಎಡವುವುದು ಹೋಟೆಲಿನ ಠೇವಣಿಯಲ್ಲಿ. ಚೆಕ್‌ಇನ್ ಮಾಡುವಾಗ ಕಾರ್ಡ್ ಉಜ್ಜಿದರೆ 500 ದಿರ್ಹಮ್ ಹೋಗುವುದಿಲ್ಲ, ತಡೆಹಿಡಿಯಲ್ಪಡುತ್ತದೆ. ಆಗ ಆ್ಯಪಿನಲ್ಲಿ ಎರಡು ಅಂಕಿ ಕಾಣುತ್ತವೆ: ಒಟ್ಟು ಮೊತ್ತ ಬೇರೆ, `Available Balance` ಬೇರೆ. ನಿಮ್ಮ ಕೈಯಲ್ಲಿರುವುದು ಎರಡನೆಯದು ಮಾತ್ರ. ಶೇ 3.5ರ ಡಾಲರ್ ಕಾರ್ಡಿನಲ್ಲಿ ಇದೇ 500 ದಿರ್ಹಮಿಗೆ ಸುಮಾರು 140.90 ಡಾಲರ್ ಕಟ್ಟಿಬೀಳುತ್ತದೆ. ಕೋಣೆ ಬಿಟ್ಟ ಕೂಡಲೇ ಹೋಟೆಲಿನವರು ಬಿಡುಗಡೆ ಮಾಡಿದರೂ ಕಾರ್ಡಿಗೆ ಮರಳಲು ಒಂದು ವಾರವಾಗಬಹುದು, ಕೆಲವೊಮ್ಮೆ ಮೂರು ನಾಲ್ಕು ವಾರ. ಠೇವಣಿಯನ್ನು ನಗದಿನಲ್ಲಿ ಕೊಟ್ಟು ರಸೀದಿ ಪಡೆಯುವುದೇ ಲೇಸು. ಊರಿಗೆ ಬಂದು ಹಣ ವಾಪಸು ಕೇಳುವಾಗ ಇದರ ಬೆಲೆ ತಿಳಿಯುತ್ತದೆ.

ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕೊಡುತ್ತೀರಾ, ದಿರ್ಹಮಿನಲ್ಲಾ’ ಎಂದು ಕೇಳಿದರೆ ದಿರ್ಹಮನ್ನೇ ಒತ್ತಿ. ರೂಪಾಯಿ ಒತ್ತಿದರೆ ದಿರ್ಹಮ್ ಅವರ ದರದಲ್ಲಿ ರೂಪಾಯಿಯಾಗಿ, ಆ ರೂಪಾಯಿ ಮತ್ತೆ ಕಾರ್ಡಿನಲ್ಲಿರುವ ಹಣಕ್ಕೆ ಬದಲಾಗಿ, ಎರಡೆರಡು ಸಲ ಕಡಿತವಾಗುತ್ತದೆ.

ಹಣ ಮತ್ತೆ ತುಂಬಿಸುವ ವಿಷಯಕ್ಕೆ ಬಂದರೆ ಬ್ಯಾಂಕಿನ ಕಾರ್ಡು ಸಲೀಸಾಗಿ ಗೆಲ್ಲುತ್ತದೆ. ಖಾತೆ ಜೋಡಣೆಯಾಗಿದ್ದರೆ ನೆಟ್‌ಬ್ಯಾಂಕಿಂಗಿನಲ್ಲೇ ರೀಲೋಡ್ ಮುಗಿಯುತ್ತದೆ. ಆದರೆ ಒಟಿಪಿ ಬರುವುದು ಊರಿನ ನಂಬರಿಗೆ. ದುಬೈಗೆ ಇಳಿದು ಅಲ್ಲಿಯ ಸಿಮ್ ಹಾಕಿ ನಮ್ಮದನ್ನು ತೆಗೆದಿಟ್ಟವರಿಗೆ ಎಲ್ಲವೂ ಇದ್ದೂ ಒಟಿಪಿ ಇಲ್ಲ. ಹೊರಡುವ ಮೊದಲು ರೋಮಿಂಗ್ ಹಾಕಿಸಿ, ಇಮೇಲಿಗೂ ಒಟಿಪಿ ಬರುವ ವ್ಯವಸ್ಥೆ ಇದೆಯೇ ಕೇಳಿ. ವಿನಿಮಯ ಅಂಗಡಿಯ ಕಾರ್ಡಿಗೆ ವಿದೇಶಿ ಹಣ ಕೊಳ್ಳಲು ಕೊಡುವ ಎ2 ಫಾರ್ಮ್ ಮತ್ತೆ ಸಹಿಯಾಗಬೇಕು, ದುಡ್ಡು ಪ್ರಯಾಣಿಕರ ಸ್ವಂತ ಖಾತೆಯಿಂದ ಹೋಗಬೇಕು. ಊರಲ್ಲಿರುವ ಅಣ್ಣನ ಖಾತೆಯಿಂದ ಕಳಿಸಿದರೆ ಹೆಸರು ಹೊಂದುವುದಿಲ್ಲವೆಂದು ತಡೆಯುತ್ತಾರೆ. 50,000 ರೂಪಾಯಿಗಿಂತ ಹೆಚ್ಚಿಗೆ ನಗದು ನಡೆಯುವುದೇ ಇಲ್ಲ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ. ಅಲ್ಲಿ ಊಟ ಮುಗಿಸಿ ಎರಡೂವರೆಗೆ ಫೋನ್ ಮಾಡಿದರೆ ಇಲ್ಲಿ ನಾಲ್ಕು ಗಂಟೆ, ಆ ದಿನದ ದರ ಮುಗಿದಿರಬಹುದು. ಶುಕ್ರವಾರ ಸಂಜೆಯಾಗಿದ್ದರೆ ಸೋಮವಾರದವರೆಗೆ ಕಾಯಬೇಕಾಗಬಹುದು.

ಇಷ್ಟು ತೊಂದರೆಯಿದ್ದರೂ ಮೊದಲೇ ಜಾಸ್ತಿ ತುಂಬಿಸಿಕೊಂಡು ಹೋಗುವುದು ಜಾಣತನವಲ್ಲ. ಲೆಕ್ಕಕ್ಕೆಂದು ಬ್ಯಾಂಕು ದಿರ್ಹಮನ್ನು 24 ರೂಪಾಯಿಗೆ ಮಾರುತ್ತದೆ, 23ಕ್ಕೆ ಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. 600 ದಿರ್ಹಮ್ ಮಿಕ್ಕಿತು. ತುಂಬಿಸಿದ್ದು 14,400 ರೂಪಾಯಿಗೆ, ಹಿಂತಿರುಗುವುದು 13,800. ವಾಪಸು ಮಾರುವುದೂ ಕರೆನ್ಸಿ ವಿನಿಮಯವೇ ಆದ್ದರಿಂದ ಜಿಎಸ್‌ಟಿ ಇದೆ. ಮೊತ್ತದ ಶೇ 1ನ್ನು, ಕನಿಷ್ಠ 250 ರೂಪಾಯಿಯನ್ನು, ಸೇವೆಯ ಬೆಲೆಯೆಂದು ಹಿಡಿದು ಅದರ ಮೇಲೆ ಶೇ 18. ಇಲ್ಲಿ ಶೇ 1 ಎಂದರೆ 138 ಮಾತ್ರ, ಹಾಗಾಗಿ ಕನಿಷ್ಠದ ಲೆಕ್ಕದಲ್ಲಿ 45 ರೂಪಾಯಿ. ಒಟ್ಟು ನಷ್ಟ 645. ಅದೇ 600 ದಿರ್ಹಮನ್ನು ಬೇಕಾದಾಗ ರೀಲೋಡ್ ಮಾಡಿದ್ದರೆ, ಶುಲ್ಕ 100, ಅದರ ಜಿಎಸ್‌ಟಿ 18, ವಿನಿಮಯದ ಜಿಎಸ್‌ಟಿ 45 ಹಿಡಿದರೂ 163 ರೂಪಾಯಿ. ಬೇಕಾಗದಿದ್ದರೆ ಅದೂ ಇಲ್ಲ. ಆದ್ದರಿಂದ ರೀಲೋಡ್ ಸುಲಭವಿರುವ ಕಾರ್ಡಿನ ನಿಜವಾದ ಲಾಭ ಕಡಿಮೆ ತುಂಬಿಸಿಕೊಂಡು ಹೊರಡುವ ಧೈರ್ಯ.

ಮಿಕ್ಕದ್ದನ್ನು ಅಲ್ಲಿಯ ಎಟಿಎಮ್ಮಿನಲ್ಲಿ ತೆಗೆದು ನೋಟು ತಂದು ಮಾರುವ ಯೋಚನೆ ಬೇಡ. ತೆಗೆಯುವ ಶುಲ್ಕ ಒಂದು ಕಡೆ, ನೋಟಿನ ಕೊಳ್ಳುವ ದರ ಕಾರ್ಡಿನದಕ್ಕಿಂತ ಕೆಳಗಿರುವುದು ಇನ್ನೊಂದು ಕಡೆ. ನೂರು ದಿರ್ಹಮಿಗಿಂತ ಕಡಿಮೆ ಉಳಿದಿದ್ದರೆ ಅಲ್ಲೇ ಮುಗಿಸಿ ಬನ್ನಿ. ಕಾರ್ಡಿನಲ್ಲಿ 43.50 ಇದ್ದರೆ ಕ್ಯಾಶಿಯರಿಗೆ ‘ಇದರಲ್ಲಿ 43.50 ಮಾತ್ರ ತೆಗೆಯಿರಿ, ಉಳಿದದ್ದು ನಗದು’ ಎಂದು ಮೊದಲೇ ಹೇಳಬೇಕು. ಹೇಳದೆ ಪೂರ್ತಿ ಬಿಲ್ಲು ಉಜ್ಜಿದರೆ ಯಂತ್ರ ನಿರಾಕರಿಸುತ್ತದೆ.

ಹಣ ವಾಪಸು ಪಡೆಯುವಾಗ ಬಂದ ಮಾರನೇ ದಿನವೇ ಅರ್ಜಿ ಹಾಕಬೇಡಿ. ಕೊನೆಯ ದಿನದ ಟ್ಯಾಕ್ಸಿ, ಊಟದ ಬಿಲ್ಲುಗಳು ಕಾರ್ಡಿಗೆ ತಡವಾಗಿ ಬಂದು ಕೂರುತ್ತವೆ, ಹೋಟೆಲ್ ಠೇವಣಿಯಂತೂ ಇನ್ನೂ ಬಿಟ್ಟಿರುವುದಿಲ್ಲ. ಎರಡು ವಾರ ಬಿಟ್ಟು, ಒಟ್ಟು ಮೊತ್ತವೂ `Available Balance` ಕೂಡ ಒಂದೇ ಆದ ದಿನ ಹಾಕಿ. ಹಾಗೆಂದು ಮರೆಯಬೇಡಿ: ಖರ್ಚಾಗದ ವಿದೇಶಿ ಹಣವನ್ನು ಮರಳಿದ 180 ದಿನದೊಳಗೆ ಒಪ್ಪಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. 2,000 ಡಾಲರ್ ತನಕ ಇಟ್ಟುಕೊಳ್ಳಬಹುದೆಂಬ ಮಾತು ನೋಟು ಮತ್ತು ಟ್ರಾವೆಲರ್ಸ್ ಚೆಕ್ಕಿಗೆ ಸಂಬಂಧಿಸಿದ್ದು. ಬಳಸದೆ ಬಿಟ್ಟ ಕಾರ್ಡಿಗೆ ಕೆಲವರು ನಿಷ್ಕ್ರಿಯ ಶುಲ್ಕವನ್ನೂ ಹಾಕುತ್ತಾರೆ.

ಬ್ಯಾಂಕಿನ ಕಾರ್ಡಾದರೆ ನೆಟ್‌ಬ್ಯಾಂಕಿಂಗಿನಲ್ಲಿ ಹಿಂತಿರುಗಿಸುವ ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಶಾಖೆಯಲ್ಲಿ ಫಾರ್ಮು. ವಿನಿಮಯ ಅಂಗಡಿಯ ಕಾರ್ಡಿಗೆ ಫಾರ್ಮಿನ ಜೊತೆ ಪಾಸ್‌ಪೋರ್ಟ್ ಮತ್ತು ಪ್ಯಾನ್ ಪ್ರತಿ, ರದ್ದುಗೊಳಿಸಿದ ಚೆಕ್ಕು ಕೇಳುತ್ತಾರೆ. ಅಂಗಡಿ ಹುಬ್ಬಳ್ಳಿಯಲ್ಲೋ ಗೋವಾದಲ್ಲೋ ಇದ್ದರೆ ಮಳೆಗಾಲದಲ್ಲಿ ಘಟ್ಟ ದಾಟಿ ಎರಡೆರಡು ಸಲ ಹೋಗುವ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಕಾರ್ಡ್ ಕೊಳ್ಳುವಾಗಲೇ ‘ವಾಪಸಿನ ಕಾಗದವನ್ನು ಇಮೇಲಿನಲ್ಲಿ ತೆಗೆದುಕೊಳ್ಳುತ್ತೀರಾ’ ಎಂದು ಕೇಳಿಡಿ. ಇಲ್ಲವೆಂದರೆ ಆ ಕಾರ್ಡ್ ಶಿರಸಿಯವರಿಗೆ, ಕಾರವಾರದವರಿಗೆ ಹೇಳಿ ಮಾಡಿಸಿದ್ದಲ್ಲ.

ಶಾಖೆಯಲ್ಲಿ ಫಾರ್ಮು ಕೊಟ್ಟರೆ ಸ್ವೀಕೃತಿಯ ಮೇಲೆ ತಾರೀಖಿನ ಮುದ್ರೆ ಹಾಕಿಸಿಕೊಳ್ಳಿ. ಸಣ್ಣ ಊರಿನ ಶಾಖೆ ಅದನ್ನು ಮುಂದಿನ ಕಚೇರಿಗೆ ಕಳಿಸಬಹುದು, ಆಗ ದರ ಸಿಗುವುದು ಅವರು ಅದನ್ನು ಕೈಗೆತ್ತಿಕೊಂಡ ದಿನದ್ದು. ನಮ್ಮ ಲೆಕ್ಕದ 600 ದಿರ್ಹಮಿಗೆ ಖಾತೆಗೆ 13,755 ಬರಬೇಕು. ಅದಕ್ಕಿಂತ ಕಡಿಮೆ ಬಂದರೆ ಕೇಳಬೇಕಾದ್ದು ಎರಡು: ಯಾವ ದಿನದ ಕೊಳ್ಳುವ ದರ ಹಾಕಿದ್ದೀರಿ, ರದ್ದತಿ ಶುಲ್ಕ ಎಷ್ಟು ಹಿಡಿದಿದ್ದೀರಿ.