ಕಾನ್ಸೆಪ್ಟ್ ನೋಟ್: ಸಮಸ್ಯೆಯಿಂದ ಶುರು ಮಾಡೋದಾ, ಲೆಕ್ಕದಿಂದ ಶುರು ಮಾಡೋದಾ?

ಡೋನರ್‌ಗೆ ಪೂರ್ತಿ ಪ್ರಪೋಸಲ್ ಕೊಡುವ ಮೊದಲು ಕಳಿಸುವ ಎರಡು ಪುಟದ ಕಾನ್ಸೆಪ್ಟ್ ನೋಟನ್ನು ನಾನು ಎರಡು ರೀತಿಯಲ್ಲಿ ಬರೆದು ನೋಡಿದ್ದೇನೆ. ಮೊದಲನೆಯದು ನಮ್ಮ ಟ್ರಸ್ಟಿನಲ್ಲಿ ಹಿಂದಿನಿಂದ ನಡೆದುಬಂದ ಮಾದರಿ. ಒಂದು ಪುಟಕ್ಕೂ ಜಾಸ್ತಿ ಸಮಸ್ಯೆ, ಅರ್ಧ ಪುಟದಷ್ಟು ನಾವು ಮಾಡುವ ಕೆಲಸ, ಕೊನೆಗೆ ‘ಅಂದಾಜು ವೆಚ್ಚ ಇಷ್ಟು ಲಕ್ಷ’ ಅಂತ ಒಂದು ಸಾಲು. ಎರಡನೆಯದರಲ್ಲಿ ಮೊದಲು ಒಂದು ಶಾಲೆಗೆ ಅಥವಾ ಒಂದು ಊರಿಗೆ ಎಷ್ಟು ಖರ್ಚಾಗುತ್ತದೆ ಅಂತ ಲೆಕ್ಕ ಹಾಕುತ್ತೇವೆ. ಸಮಸ್ಯೆ, ಕೆಲಸ ಎಲ್ಲವನ್ನೂ ಆ ಲೆಕ್ಕಕ್ಕೆ ಹೊಂದಿಸಿ ಬರೆಯುತ್ತೇವೆ. ಈಗ ನಾನು ಎರಡನೆಯದನ್ನೇ ಬಳಸುತ್ತೇನೆ. ಮೊದಲನೆಯದಕ್ಕೆ ವಾಪಸ್ ಹೋಗುವ ಮನಸ್ಸಿಲ್ಲ.

ಎರಡೂ ಮಾದರಿಯಲ್ಲಿ ಬರೆದದ್ದು ಒಂದೇ ಕೆಲಸದ ಬಗ್ಗೆ. ಹಾಗಾಗಿ ಹೋಲಿಸುವುದು ಸುಲಭ. ಬಾಗೇಪಲ್ಲಿ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಚಾವಣಿಯ ಮಳೆನೀರು ಹಿಡಿದು, ಮಕ್ಕಳಿಗೆ ಕುಡಿಯಲು ಮತ್ತು ಬಿಸಿಯೂಟದ ಅಡುಗೆಗೆ ಕೊಡುವುದು ನಮ್ಮ ಯೋಜನೆ. ಹಣ ಕೇಳಿದ್ದು ಕಂಪನಿಗಳ ಸಿಎಸ್‌ಆರ್ ವಿಭಾಗದಲ್ಲಿ, ಅಂದರೆ ಸಮಾಜದ ಕೆಲಸಗಳಿಗೆ ಕಂಪನಿಯ ಹಣ ಕೊಡುವ ವಿಭಾಗದಲ್ಲಿ.

ಓದುವುದಕ್ಕೆ ಹಳೆಯ ಮಾದರಿಯೇ ಚೆಂದ. ಅದನ್ನು ಒಪ್ಪಿಕೊಳ್ಳುತ್ತೇನೆ. ಮಕ್ಕಳ ಹಲ್ಲಿನ ಕಂದು ಕಲೆ, ಸಾವಿರ ಅಡಿ ದಾಟಿದ ಬೋರ್‌ವೆಲ್, ಕೆಟ್ಟು ನಿಂತ ಶುದ್ಧ ನೀರಿನ ಘಟಕ, ಎಲ್ಲ ಅದರಲ್ಲಿತ್ತು. ಓದಿದವರು ಫೋನ್ ಮಾಡಿ ಮೆಚ್ಚಿಕೊಂಡರು.

ತೊಂದರೆ ಬಂದದ್ದು ಕೊನೆಯ ಸಾಲಿನಿಂದ. ‘10 ಶಾಲೆ, ಅಂದಾಜು 50 ಲಕ್ಷ ರೂಪಾಯಿ.’

ಈ 50 ಲಕ್ಷ ಗಾಳಿಯಿಂದ ಬಂದದ್ದಲ್ಲ. ಮೇಸ್ತ್ರಿಯನ್ನು ಕೇಳಿಯೇ ಹಾಕಿದ್ದು. 40 ಸಾವಿರ ಲೀಟರಿನ ಫೆರೋಸಿಮೆಂಟ್ ತೊಟ್ಟಿಗೆ 4 ಲಕ್ಷ. ಚಾವಣಿಯ ಅಂಚಿನ ದೋಣಿ, ಪೈಪು, ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವ ವ್ಯವಸ್ಥೆ ಮತ್ತು ಫಿಲ್ಟರ್‌ಗೆ 70 ಸಾವಿರ. ನಲ್ಲಿ, ಕಟ್ಟೆಗೆ 30 ಸಾವಿರ. ಶಾಲೆಗೆ 5 ಲಕ್ಷ, ಹತ್ತು ಶಾಲೆಗೆ 50 ಲಕ್ಷ. ತೊಟ್ಟಿಯ ಖರ್ಚಿನ ಮಟ್ಟಿಗೆ ಲೆಕ್ಕ ಸರಿಯೇ ಇದೆ ಅಲ್ವಾ?

ಆದರೆ ಕಾನ್ಸೆಪ್ಟ್ ನೋಟಿನ ‘ಅಂದಾಜು’ ಡೋನರ್ ಆಫೀಸಿನ ಒಳಗೆ ಹೋದ ಮೇಲೆ ಅಂದಾಜಾಗಿ ಉಳಿಯುವುದಿಲ್ಲ. ಪ್ರೋಗ್ರಾಂ ಆಫೀಸರ್ ನಮ್ಮ ಎರಡು ಪುಟವನ್ನು ಒಂದು ಸ್ಲೈಡಿಗೆ ಇಳಿಸುತ್ತಾರೆ. ಅಲ್ಲಿ ಹಲ್ಲಿನ ಕಲೆಯೂ ಇರುವುದಿಲ್ಲ, ‘ಅಂದಾಜು’ ಅನ್ನುವ ಮಾತೂ ಇರುವುದಿಲ್ಲ. 10 ಶಾಲೆ, 50 ಲಕ್ಷ, ಇಷ್ಟೇ. ಸಿಎಸ್‌ಆರ್ ಸಮಿತಿ ಒಪ್ಪಿಗೆ ಕೊಡುವುದು ಆ ಎರಡು ಸಂಖ್ಯೆಗೆ. ಅಲ್ಲಿಂದ ಮುಂದೆ 50 ಲಕ್ಷ ಮೇಲಿನ ಮಿತಿ, 10 ಶಾಲೆ ನಾವು ಕೊಟ್ಟ ಮಾತು.

ಪೂರ್ತಿ ಪ್ರಪೋಸಲ್ ಬರೆಯುವಾಗ ಉಳಿದ ಖರ್ಚೆಲ್ಲ ಹೊರಗೆ ಬಂತು. ಊರಿನ ಮೇಸ್ತ್ರಿಗೆ ಜಿಎಸ್‌ಟಿ ನೋಂದಣಿ ಇಲ್ಲ. ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಅದು ಬೇಕಾಗಿಯೂ ಇಲ್ಲ. ಆದರೆ ಡೋನರ್ ಕಡೆಯ ಫೈನಾನ್ಸ್‌ನವರಿಗೆ ಜಿಎಸ್‌ಟಿ ಬಿಲ್ಲೇ ಬೇಕು. ನೋಂದಣಿ ಇರುವ ಕಂಟ್ರಾಕ್ಟರ್ ಅದೇ ದರಕ್ಕೆ ಒಪ್ಪಿದರೂ ಮೇಲೆ ಶೇ. 18 ತೆರಿಗೆ ಬೀಳುತ್ತದೆ. ಶಾಲೆಗೆ 5 ಲಕ್ಷ ಇದ್ದದ್ದು 5.9 ಲಕ್ಷ ಆಯಿತು. ಹತ್ತು ಶಾಲೆಗೆ 59 ಲಕ್ಷ. ಕೆಲಸ ನೋಡಿಕೊಳ್ಳುವ ಸಂಯೋಜಕರಿಗೆ ತಿಂಗಳಿಗೆ 25 ಸಾವಿರದಂತೆ ವರ್ಷಕ್ಕೆ 3 ಲಕ್ಷ. ಓಡಾಟಕ್ಕೆ 60 ಸಾವಿರ. ನೀರಿನ ಪರೀಕ್ಷೆ, ಶಿಕ್ಷಕರ ಮತ್ತು ಅಡುಗೆಯವರ ತರಬೇತಿಗೆ 1 ಲಕ್ಷ 20 ಸಾವಿರ. ಆಫೀಸು ಖರ್ಚು ಶೇ. 5. ಎಲ್ಲ ಸೇರಿ ಸುಮಾರು 67 ಲಕ್ಷ.

50 ಎಲ್ಲಿ, 67 ಎಲ್ಲಿ! ಹಣದ ಬಗ್ಗೆ ಯಾರೂ ಜಗಳ ಆಡಲಿಲ್ಲ. ‘ನಿಮ್ಮ ನೋಟಿನಲ್ಲಿ 50 ಅಂತಿದೆಯಲ್ಲ, ಮೇಡಂ’ ಅಂತ ಪ್ರತಿ ಸಲ ಅದೇ ಪ್ರಶ್ನೆ ವಿನಯವಾಗಿ ಬರುತ್ತಿತ್ತು. ಸಂಖ್ಯೆ ಏರಿಸಬೇಕಾದರೆ ಸಮಿತಿಗೆ ಮತ್ತೆ ಹೋಗಬೇಕು. ಸಮಿತಿ ಸೇರುವುದು ಅವರಿಗೆ ಬೇಕಾದಾಗ. ಮಾರ್ಚ್ 31ರ ಒಳಗೆ ಹಣ ಖರ್ಚಾಗಬೇಕು ಅನ್ನುವ ಅವಸರ ಬೇರೆ. ಕೊನೆಗೆ 50 ಲಕ್ಷದೊಳಗೆ 7 ಶಾಲೆ ಅಂತ ಇತ್ಯರ್ಥ ಆಯಿತು. ಉಳಿದ 3 ಶಾಲೆಯ ಮುಖ್ಯ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರಿಂದ ಅಷ್ಟರಲ್ಲಿ ಒಪ್ಪಿಗೆ ಪತ್ರ ಬರೆಸಿಕೊಂಡಿದ್ದೆವು. ಅವರಿಗೆ ಹೋಗಿ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಡೋನರ್ ಕಡೆಯವರು ಅಲ್ಲಿಗೆ ಬರಲಿಲ್ಲ ಬಿಡಿ.

ಲೆಕ್ಕದಿಂದ ಶುರುವಾಗುವ ನೋಟಿನಲ್ಲಿ ಇದೇ ವಿಷಯ ಹೇಗೆ ಕೂತಿತು ನೋಡಿ. ಬಜೆಟ್ಟಿಗೆ ಐದು ಸಾಲು. ಒಂದು ಶಾಲೆಗೆ ತೆರಿಗೆ ಸೇರಿ 5.9 ಲಕ್ಷ. ಶಾಲೆ ಎಷ್ಟಿದ್ದರೂ ಬದಲಾಗದ ಸಿಬ್ಬಂದಿ, ಓಡಾಟ, ಪರೀಕ್ಷೆ, ತರಬೇತಿ ಖರ್ಚು 4.8 ಲಕ್ಷ. ಆಫೀಸು ಖರ್ಚು ಶೇ. 5. ಹಾಗಾಗಿ 7 ಶಾಲೆಗೆ ಸುಮಾರು 48.4 ಲಕ್ಷ, 10 ಶಾಲೆಗೆ ಸುಮಾರು 67 ಲಕ್ಷ. ಕೊನೆಯ ಸಾಲು: ದರಗಳು ಇಂಥ ತಿಂಗಳ ಕೊಟೇಶನ್ ಪ್ರಕಾರ, ಶೇ. 10ರಷ್ಟು ಹೆಚ್ಚುಕಮ್ಮಿ ಆಗಬಹುದು.

ಇದರ ಲಾಭ ಏನೆಂದರೆ, ಸ್ಲೈಡಿಗೆ ಇಳಿಸಿದರೂ ಶಾಲೆಯ ದರ ಉಳಿದುಕೊಳ್ಳುತ್ತದೆ. ಹಣ ಕಡಿಮೆ ಆದರೆ ಶಾಲೆಯ ಸಂಖ್ಯೆ ತಾನಾಗೇ ಕಡಿಮೆ ಆಗುತ್ತದೆ. ತೊಟ್ಟಿ ಚಿಕ್ಕದಾಗುವುದಿಲ್ಲ, ಸಂಯೋಜಕರ ಸಂಬಳ ಕತ್ತರಿಸುವ ಮಾತು ಬರುವುದಿಲ್ಲ. ಬದಲಾಗದ ಖರ್ಚನ್ನು ಬೇರೆ ಸಾಲಿನಲ್ಲಿ ತೋರಿಸಿರುವುದರಿಂದ ‘3 ಶಾಲೆಗೆ ಮಾಡಿಕೊಡಿ’ ಅಂತ ಕೇಳುವವರಿಗೆ ಶಾಲೆಗೆ ತಗಲುವ ಖರ್ಚು ಯಾಕೆ ಏರುತ್ತದೆ ಅನ್ನುವುದೂ ಕಾಣುತ್ತದೆ.

ಆ ಶೇ. 5ರ ಬಗ್ಗೆ ಒಂದು ಮಾತು. 2021ರಲ್ಲಿ ತಿದ್ದುಪಡಿಯಾದ ಸಿಎಸ್‌ಆರ್ ನಿಯಮದಲ್ಲಿ ಆಡಳಿತ ವೆಚ್ಚಕ್ಕೆ ಶೇ. 5 ಮಿತಿ ಇರುವುದು ಕಂಪನಿಗೆ. ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಅದು ಮಾಡುವ ಖರ್ಚಿಗೆ. ಒಂದು ನಿರ್ದಿಷ್ಟ ಯೋಜನೆಯನ್ನು ರೂಪಿಸುವ, ನಡೆಸುವ, ಮೇಲ್ವಿಚಾರಣೆ ಮಾಡುವ ಖರ್ಚು ಅದರಲ್ಲಿ ಸೇರುವುದಿಲ್ಲ. ಆದರೂ ಅದೇ ಶೇ. 5ನ್ನು ನಮ್ಮಂಥ ಟ್ರಸ್ಟುಗಳ ಮೇಲೆ ಹಾಕುವ ಕಂಪನಿಗಳು ಬೇಕಾದಷ್ಟಿವೆ. ಎರಡು ಪುಟದಲ್ಲಿ ವಾದ ಮಾಡಲು ಜಾಗ ಇಲ್ಲ. ಸಂಯೋಜಕರ ಸಂಬಳವನ್ನು ಯೋಜನೆಯ ಖರ್ಚಿನಲ್ಲೇ ತೋರಿಸಿ, ಬಾಡಿಗೆ, ಲೆಕ್ಕಪತ್ರ, ಆಡಿಟ್ ಇಷ್ಟನ್ನೇ ಆಫೀಸು ಖರ್ಚಿಗೆ ಹಾಕಿದರೆ ಸಾಕು. ಹಳೆಯ ಮಾದರಿಯಲ್ಲಿ ಎಲ್ಲ ಒಂದೇ ಮೊತ್ತ ಆಗಿದ್ದರಿಂದ ಈ ವಿಂಗಡಣೆಗೆ ಅವಕಾಶವೇ ಇರಲಿಲ್ಲ.

ಸಮಸ್ಯೆಯ ಭಾಗ ಒಂದು ಪುಟದಿಂದ ಎಂಟು ಹತ್ತು ಸಾಲಿಗೆ ಇಳಿಯಿತು. ಮೊದಲು ನನಗೂ ಬೇಸರ ಆಯಿತು. ಆದರೆ ದೇಶದ ಫ್ಲೋರೈಡ್ ಕಥೆ ಬಿಟ್ಟು, ಈ ಶಾಲೆಗಳ ಬೋರ್‌ವೆಲ್ ನೀರಿನ ಪರೀಕ್ಷೆಯ ಅಂಕಿಯನ್ನಷ್ಟೇ ಹಾಕಿದೆ. ಲೀಟರಿಗೆ 2 ಮಿಲಿಗ್ರಾಂಗೂ ಜಾಸ್ತಿ ಇರುವ ಕಡೆಗಳ ಹೆಸರು ಕೊಟ್ಟೆ. ಭಾರತೀಯ ಮಾನಕ ಒಪ್ಪುವುದು 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದಾಗ 1.5. ಇಷ್ಟಕ್ಕೆ ಓದುವವರಿಗೆ ವಿಷಯ ಗೊತ್ತಾಗುತ್ತದೆ.

ಉಳಿದ ಜಾಗದಲ್ಲಿ ತೊಟ್ಟಿ ಯಾಕೆ 40 ಸಾವಿರ ಲೀಟರ್ ಅನ್ನುವುದನ್ನು ಬರೆದೆ. 200 ಚದರ ಮೀಟರ್ ಚಾವಣಿ, ವರ್ಷಕ್ಕೆ 600 ಮಿಲಿಮೀಟರ್ ಮಳೆ ಅಂತ ಹಿಡಿದರೆ, ಶೇ. 20ರಷ್ಟು ಪೋಲಾಗುವುದನ್ನು ಬಿಟ್ಟು 96 ಸಾವಿರ ಲೀಟರ್ ಸಿಗುತ್ತದೆ. 120 ಮಕ್ಕಳಿಗೆ ಕುಡಿಯಲು, ಅಡುಗೆಗೆ ತಲಾ 3 ಲೀಟರ್ ಅಂದರೆ ದಿನಕ್ಕೆ 360 ಲೀಟರ್. ಡಿಸೆಂಬರಿನಿಂದ ಏಪ್ರಿಲ್ ಮೊದಲ ವಾರದವರೆಗೆ ಮಳೆಯನ್ನು ನಂಬುವಂತಿಲ್ಲ. ಆ ನೂರರಷ್ಟು ಶಾಲಾ ದಿನಗಳಿಗೆ 36 ಸಾವಿರ ಲೀಟರ್ ಬೇಕು. ಹೀಗೆ ಬರೆದ ಮೇಲೆ ‘20 ಸಾವಿರದ ತೊಟ್ಟಿ ಸಾಕಲ್ಲವೇ’ ಅಂತ ಯಾರೂ ಕೇಳಲಿಲ್ಲ. ಹಳೆಯ ನೋಟಿಗೆ ಬಂದ ಮೊದಲ ಪ್ರಶ್ನೆಯೇ ಅದಾಗಿತ್ತು.

ಇನ್ನೊಂದು ಪ್ರಶ್ನೆ ಎರಡೂ ನೋಟಿಗೆ ಬಂತು. ಮಕ್ಕಳು ಮನೆಯಲ್ಲಿ ಅದೇ ಬೋರ್‌ವೆಲ್ ನೀರು ಕುಡಿಯುತ್ತಾರಲ್ಲ? ಕೇಳಬೇಕಾದ ಪ್ರಶ್ನೆಯೇ. ಶಾಲೆಯ ತೊಟ್ಟಿ ಮಗುವಿನ ಹೊಟ್ಟೆ ಸೇರುವ ಫ್ಲೋರೈಡನ್ನು ಕಡಿಮೆ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಇದನ್ನು ಈಗ ನೋಟಿನಲ್ಲೇ ಎರಡು ಸಾಲಿನಲ್ಲಿ ಹೇಳಿಬಿಡುತ್ತೇನೆ. ತೊಟ್ಟಿ ಯಾರ ಆಸ್ತಿ ಅನ್ನುವುದಕ್ಕೂ ಒಂದು ಸಾಲು ಬೇಕು. ಸಿಎಸ್‌ಆರ್ ಹಣದಿಂದ ಕಟ್ಟಿದ್ದನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ನಾವು ಶಿಕ್ಷಣ ಇಲಾಖೆಗೆ ಹಸ್ತಾಂತರ ಅಂತ ಬರೆಯುತ್ತೇವೆ.

ಕೆಲವು ಕಂಪನಿಗಳು ತಮ್ಮದೇ ಆನ್‌ಲೈನ್ ಫಾರಂ ಕೊಡುತ್ತವೆ. ಅಲ್ಲಿ ಆಯ್ಕೆಯೇ ಇಲ್ಲ, ತುಂಬಿಸುವುದಷ್ಟೇ. ಬಜೆಟ್ಟಿಗೆ ಒಂದೇ ಖಾನೆ ಇದ್ದರೆ, ‘ಕೆಲಸದ ವಿವರ’ ಅನ್ನುವ ಖಾನೆಯಲ್ಲಿ ಶಾಲೆಯ ದರವನ್ನು ತೂರಿಸಿಬಿಡುತ್ತೇನೆ.

ಲೆಕ್ಕದ ಮಾದರಿಗೆ ಖರ್ಚು ಇಲ್ಲ ಅಂತಲ್ಲ. ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ ಹಣಕ್ಕಾಗಿ ಕಂಟ್ರಾಕ್ಟರ್ ಹತ್ತಿರ ಕೊಟೇಶನ್ ಕೇಳಬೇಕು. ಕೆಲಸ ಕೊಡದೆ ಮತ್ತೆ ಮತ್ತೆ ಕೇಳಿದರೆ ಅವರೂ ಸುಮ್ನೆ ಬಾಯಿಗೆ ಬಂದ ದರ ಹೇಳುತ್ತಾರೆ. ಸ್ತ್ರೀಶಕ್ತಿ ಸಂಘ, ಕಾನೂನು ಅರಿವು ಇಂಥ ಕೆಲಸಗಳಿಗೆ ಈ ಮಾದರಿ ಅಷ್ಟಾಗಿ ಒಗ್ಗುವುದಿಲ್ಲ. ಅಲ್ಲಿ ಖರ್ಚೆಲ್ಲ ಜನರ ಸಂಬಳವೇ. ‘ಒಬ್ಬ ಮಹಿಳೆಗೆ ಇಷ್ಟು’ ಅಂತ ಭಾಗಿಸಿದರೆ ಅಗ್ಗದವರ ಜೊತೆ ಹೋಲಿಸಿ ನಮ್ಮನ್ನು ಪಕ್ಕಕ್ಕಿಡುತ್ತಾರೆ. ವರ್ಷಗಳಿಂದ ಪರಿಚಯ ಇರುವ, ಮೊತ್ತ ಆಮೇಲೆ ಮಾತಾಡೋಣ ಅನ್ನುವ ಡೋನರ್ ಇದ್ದರೂ ಹಳೆಯ ಮಾದರಿ ನಡೆಯುತ್ತದೆ. ನನಗೆ ಅಂಥವರು ಕಡಿಮೆ.

ನಮ್ಮದು ಸಣ್ಣ ಟ್ರಸ್ಟು. ಬರೆಯುವವಳು ನಾನೊಬ್ಬಳು, ಅಕೌಂಟೆಂಟ್ ವಾರದಲ್ಲಿ ಎರಡು ದಿನ ಬರುತ್ತಾರೆ. 17 ಲಕ್ಷ ಕಡಿಮೆ ಬಿದ್ದರೆ ತುಂಬಿಕೊಡಲು ಮೀಸಲು ಹಣ ಇಲ್ಲ. ದೊಡ್ಡ ಸಂಸ್ಥೆಗಳು ಆ ಪೆಟ್ಟನ್ನು ತಡೆದುಕೊಳ್ಳಬಹುದೇನೋ, ನಮಗೆ ಆಗುವುದಿಲ್ಲ. ಅದಕ್ಕೇ ಜೂನ್ ಮತ್ತು ಡಿಸೆಂಬರಿನಲ್ಲಿ ಸಿಮೆಂಟು, ಪೈಪು, ಕೂಲಿ ದರ ವಿಚಾರಿಸಿ ಒಂದು ಎಕ್ಸೆಲ್ ಹಾಳೆಯಲ್ಲಿ ತಿದ್ದಿ ಇಡುತ್ತೇವೆ. ‘ಸಂಜೆಯೊಳಗೆ ಒಂದು ನೋಟ್ ಕಳಿಸಿ’ ಅಂತ ಯಾರಾದರೂ ಫೋನ್ ಮಾಡಿದರೆ ಮೊದಲು ತೆರೆಯುವುದು ಆ ಹಾಳೆಯನ್ನು. ಸಮಸ್ಯೆಯ ಎಂಟು ಸಾಲು ಊಟ ಆದ ಮೇಲೆ ಬರೆದರೂ ನಡೆಯುತ್ತದೆ.