ಹೊಲದ ರೊಕ್ಕ ಬಂದಾಗ ಮೊದಲು ಕಂತು ಇಳಿಸಿದೆ, ಆಮೇಲೆ ಅವಧಿ ಇಳಿಸಿದೆ

ಅಣ್ಣಿಗೇರಿ ಕಡೆ ನಮ್ಮಪ್ಪನ ಹೊಲ ಇತ್ತು. ಅದನ್ನು ಮಾರಿದಾಗ ನನ್ನ ಪಾಲಿಗೆ 4 ಲಕ್ಷ ಬಂತು. ಹುಬ್ಬಳ್ಳಿಯ ನವನಗರದಲ್ಲಿ ಕಟ್ಟಿಸಿದ ಮನೆಯ ಸಾಲ ಹಾಗೇ ಇತ್ತು, ಆದ್ದರಿಂದ ರೊಕ್ಕ ಎಲ್ಲಿಗೆ ಹೋಗಬೇಕು ಅನ್ನೋದರ ಬಗ್ಗೆ ಮನೆಯಲ್ಲಿ ಜಗಳವೇ ಆಗಲಿಲ್ಲ. ಜಗಳ ಶುರುವಾಗಿದ್ದು ಬ್ಯಾಂಕಿನ ಕೌಂಟರ್ ಮುಂದೆ. ಅಲ್ಲಿದ್ದ ಹುಡುಗ ಕೇಳಿದ: "ಸರ, ಕಂತು ಕಡಿಮಿ ಮಾಡ್ಲೋ, ತಿಂಗಳು ಕಡಿಮಿ ಮಾಡ್ಲೋ?" ನನ್ನ ಹೆಂಡತಿ "ಕಂತು" ಅಂದಳು, ನಾನು "ತಿಂಗಳು" ಅಂದೆ. ಇಬ್ಬರೂ ಒಂದೇ ಉಸಿರಿಗೆ.

ಆಕೆಯ ಮಾತೇ ನಡೀತು. 14 ತಿಂಗಳು ಕಂತು ಕಡಿಮೆ ಮಾಡಿಕೊಂಡು ನೋಡಿದೆವು, ಆಮೇಲೆ ಅದೇ ಸಾಲವನ್ನು ಇನ್ನೊಂದು ದಾರಿಗೆ ತಿರುಗಿಸಿದೆವು. ಹೀಗೆ ಎರಡರ ರುಚಿಯೂ ಗೊತ್ತಾಗಿದೆ.

ಸಾಲ 25 ಲಕ್ಷ, 20 ವರ್ಷ, ಬದಲಾಗುವ ಬಡ್ಡಿ ದರ. ದರ ನಡುವೆ ಏರಿದೆ, ಇಳಿದಿದೆ, ಆದರೆ ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ಉದ್ದಕ್ಕೂ 8.5 ಅಂತಲೇ ಹಿಡಿದಿದ್ದೇನೆ. ಆ ಲೆಕ್ಕಕ್ಕೆ ಕಂತು 21,696. ಐದು ವರ್ಷ ಕಟ್ಟಿದ ಮೇಲೆ ಬಾಕಿ ಎಷ್ಟಿರುತ್ತೆ ಗೊತ್ತಾ? ಸುಮಾರು 22.03 ಲಕ್ಷ. ಐದು ವರ್ಷದಲ್ಲಿ 13 ಲಕ್ಷ ಕೊಟ್ಟು ಮೂರು ಲಕ್ಷಕ್ಕಿಂತ ತುಸು ಕಡಿಮೆ ಅಸಲು ತೀರಿಸಿದ್ದೆ. ಅವತ್ತು ರಾತ್ರಿ ಇದನ್ನು ನೋಡಿ ಊಟ ಸೇರಲಿಲ್ಲ ಅಂದರೆ ಸುಳ್ಳಲ್ಲ.

4 ಲಕ್ಷ ಹಾಕಿದ ಮೇಲೆ ಬಾಕಿ 18.03 ಲಕ್ಷ, ಉಳಿದ ಅವಧಿ 180 ತಿಂಗಳು. ಇಲ್ಲಿಂದ ದಾರಿ ಎರಡಾಗುತ್ತೆ. ಅವಧಿ ಹಾಗೇ ಇಟ್ಟರೆ ಕಂತು 17,757ಕ್ಕೆ ಇಳಿಯುತ್ತೆ, ಅಂದರೆ ತಿಂಗಳಿಗೆ 3,939 ಕೈಯಲ್ಲಿ ಉಳಿಯುತ್ತೆ. ಕಂತು ಹಾಗೇ ಇಟ್ಟರೆ ಸಾಲ 126 ತಿಂಗಳಲ್ಲಿ ಮುಗಿಯುತ್ತೆ, ನಾಲ್ಕೂವರೆ ವರ್ಷ ಮೊದಲೇ. ರೊಕ್ಕ ಹಾಕದೇ ಇದ್ದಿದ್ದರೆ ಮುಂದೆ 17 ಲಕ್ಷದಷ್ಟು ಬಡ್ಡಿ ಕಟ್ಟಬೇಕಿತ್ತು. ಕಂತು ಇಳಿಸಿದರೆ ಅದು ಸುಮಾರು 13.9 ಲಕ್ಷ ಆಗುತ್ತೆ, ಅವಧಿ ಇಳಿಸಿದರೆ 9.3 ಲಕ್ಷ.

ಈ ಕೊನೆಯ ಎರಡು ಅಂಕಿ ನೋಡಿದವರೆಲ್ಲ "ಅವಧಿ ಇಳಿಸೋದೇ ಸರಿ, ನಾಲ್ಕೂವರೆ ಲಕ್ಷ ಜಾಸ್ತಿ ಉಳೀತು" ಅಂತಾರೆ. ನಾನೂ ಅದನ್ನೇ ಹೇಳಿ ಹೆಂಡತಿ ಜೊತೆ ವಾದ ಮಾಡಿದ್ದೆ. ಆಕೆ ಒಂದೇ ಪ್ರಶ್ನೆ ಕೇಳಿದಳು: "ನಾಕ್ ಲಕ್ಷ ಎರಡೂ ಕಡೆ ಅಷ್ಟೇ ಅಲ್ಲೇನ್ರೀ? ಮತ್ತ ಒಂದು ಕಡೆ ಹೆಂಗ ಜಾಸ್ತಿ ಉಳೀತೈತಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಆಮೇಲೆ ಬ್ಯಾಂಕ್ ಸರಿ ಮಾಡಿಕೊಟ್ಟ ಸ್ಟೇಟ್‌ಮೆಂಟ್‌ನಲ್ಲಿ. ರೊಕ್ಕ ಹಾಕುವ ಮೊದಲು ತಿಂಗಳ ಬಡ್ಡಿ 15,606 ಬೀಳುತ್ತಿತ್ತು. ಹಾಕಿದ ಮೇಲೆ 12,773 ಆಯಿತು. ಯಾವ ದಾರಿ ಆರಿಸಿದರೂ ಈ ಅಂಕಿ ಬದಲಾಗಲ್ಲ, ಯಾಕಂದರೆ ಬಡ್ಡಿ ಬೀಳೋದು ಬಾಕಿಯ ಮೇಲೆ, ಕಂತಿನ ಮೇಲೆ ಅಲ್ಲ. ವ್ಯತ್ಯಾಸ ಇರೋದು ಮುಂದಿನ ಕಾಲಂನಲ್ಲಿ. 21,696 ಕಟ್ಟಿದರೆ ಅದರಲ್ಲಿ 8,923 ಅಸಲಿಗೆ ಹೋಗುತ್ತೆ. 17,757 ಕಟ್ಟಿದರೆ 4,984 ಮಾತ್ರ. ಅಂದರೆ ನಾಲ್ಕು ಲಕ್ಷ ಎರಡೂ ಕಡೆ ಒಂದೇ ಕೆಲಸ ಮಾಡಿದೆ, ಆ ನಾಲ್ಕೂವರೆ ಲಕ್ಷದ ಫರಕು ಪೂರ್ತಿ ಬಂದಿರೋದು ಮುಂದಿನ ಹತ್ತು ವರ್ಷ ನನ್ನ ಪಗಾರದಿಂದಲೇ ತಿಂಗಳಿಗೆ 3,939 ಜಾಸ್ತಿ ಕಟ್ಟೋದರಿಂದ. ಬ್ಯಾಂಕ್ ಏನೂ ಬಿಟ್ಟುಕೊಟ್ಟಿಲ್ಲ, ನಾನೇ ಬೇಗ ಕೊಡುತ್ತಿದ್ದೇನೆ, ಅಷ್ಟೇ.

ಹಾಗಿದ್ದರೆ ಕಂತು ಇಳಿಸಿಕೊಂಡು, ಉಳಿದ 3,939ನ್ನು ಪ್ರತಿ ತಿಂಗಳು ನಾವೇ ಸಾಲದ ಖಾತೆಗೆ ಹಾಕಿದರೆ? ಲೆಕ್ಕದಲ್ಲಿ ಅದು ಅವಧಿ ಇಳಿಸಿದ್ದಕ್ಕೆ ಪೂರ್ತಿ ಸಮ. ಸಾಲ ಅದೇ 126ನೇ ತಿಂಗಳಿಗೆ ಮುಗಿಯುತ್ತೆ. ಮೇಲಾಗಿ ಒಂದು ತಿಂಗಳು ಆಸ್ಪತ್ರೆ ಖರ್ಚು ಬಂತು ಅಂದರೆ ಆ ತಿಂಗಳು ಬಿಟ್ಟುಬಿಡಬಹುದು, ಯಾರೂ ಕೇಳಲ್ಲ. ಬದಲಾಗುವ ದರದ ಮನೆಸಾಲಕ್ಕೆ ಹೀಗೆ ಮೊದಲೇ ಕಟ್ಟಿದರೆ ದಂಡ ಹಾಕುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ (ಸ್ಥಿರ ದರದ ಸಾಲ ಆದರೆ ಕರಾರು ಪತ್ರ ಓದಿ, ಅಲ್ಲಿ ಶುಲ್ಕ ಇರಬಹುದು). ನಮ್ಮ ಮನೆಯ ಒಪ್ಪಂದ ಇದೇ ಆಗಿತ್ತು. ಹೆಂಡತಿಗೆ ಬೇಕಾದ ಸಡಿಲ, ನನಗೆ ಬೇಕಾದ ವೇಗ.

ಮೊದಲ ಎಡವಟ್ಟು ರೊಕ್ಕ ಕಟ್ಟಿದ ತಿಂಗಳಲ್ಲೇ ಆಯಿತು. ಕಂತು ಇಳಿಸಿ ಅಂತ ಬರೆದುಕೊಟ್ಟಿದ್ದೆ, ಆದರೂ ಮುಂದಿನ ತಿಂಗಳು 21,696 ಕಟ್ ಆಯಿತು. ಬಡ್ಡಿಯೂ ಹಳೆಯ ಲೆಕ್ಕದಲ್ಲೇ ಬಿದ್ದಿತ್ತು. ಹೋಗಿ ಕೇಳಿದರೆ ನಾಲ್ಕು ಲಕ್ಷವನ್ನು ಮುಂದಿನ ಕಂತುಗಳ ಅಡ್ವಾನ್ಸ್ ಅಂತ ಇಟ್ಟುಬಿಟ್ಟಿದ್ದರು, ಅಸಲಿಗೆ ಹಾಕಿರಲಿಲ್ಲ. ಮೂರು ಸಲ ಓಡಾಡಿ, ಹಳೆಯ ತಾರೀಖಿನಿಂದಲೇ ಸರಿ ಮಾಡಿಸಿದೆ. ಅದಕ್ಕೇ ಯಾರಾದರೂ ಕೇಳಿದರೆ ಒಂದೇ ಮಾತು ಹೇಳುತ್ತೇನೆ. ರೊಕ್ಕ ಕಟ್ಟುವಾಗ ಅರ್ಜಿಯಲ್ಲಿ "ಅಸಲಿಗೆ ಜಮಾ" ಅಂತ ಬರೆಯಿರಿ, ಕಂತೋ ಅವಧಿಯೋ ಅನ್ನೋದನ್ನೂ ಬರೆಯಿರಿ, ಹೊಸ ಕಂತಿನ ಪಟ್ಟಿ ಕೈಗೆ ಬರೋ ತನಕ ಬಿಡಬೇಡಿ. ಅರ್ಜಿಯಲ್ಲಿ ಏನೂ ಬರೆಯದಿದ್ದರೆ ಸಾಮಾನ್ಯವಾಗಿ ಕಂತು ಹಾಗೇ ಇದ್ದು ಅವಧಿ ಇಳಿಯುತ್ತೆ, ಆದರೆ ಅದನ್ನೂ ನಂಬಿ ಕೂರಬೇಡಿ. ಪರೀಕ್ಷೆ ಸುಲಭ: ಬಾಕಿಯನ್ನು ದರದಿಂದ ಗುಣಿಸಿ 1,200ರಿಂದ ಭಾಗಿಸಿ. ಸ್ಟೇಟ್‌ಮೆಂಟ್‌ನ ಬಡ್ಡಿ ಅದರ ಆಸುಪಾಸು ಇದ್ದರೆ ರೊಕ್ಕ ಸರಿಯಾದ ಜಾಗಕ್ಕೆ ಹೋಗಿದೆ.

ಸರಿ, ಪ್ರಯೋಗ ಹೇಗೆ ನಡೀತು ಅಂದರೆ, ಮೊದಲ ಐದು ತಿಂಗಳು ಪಗಾರ ಬಂದ ದಿನವೇ ಫೋನಿನಲ್ಲಿ 4,000 ಹಾಕಿದೆ. ಆರನೇ ತಿಂಗಳು ಗಣಪತಿ ಹಬ್ಬ ಬಂತು. ಏಳನೇ ತಿಂಗಳು ಗದಗಿನಲ್ಲಿ ಮದುವೆ, ಆಹೇರಿ ಕೊಡಬೇಕಿತ್ತು. ಎಂಟನೇ ತಿಂಗಳು ದೀಪಾವಳಿ. ಒಂಬತ್ತಕ್ಕೆ ಗಾಡಿಯ ಎರಡೂ ಟಯರ್. ಹತ್ತರಿಂದ ಮುಂದೆ ಕಾರಣವೇ ಬೇಕಾಗಲಿಲ್ಲ, ಮರೆತೇ ಹೋಯಿತು. ಒಂದು ದುಂದುವೆಚ್ಚ ಮಾಡಿದೆವು ಅಂತಲೂ ಅಲ್ಲ, ಹುಡುಕಿದರೆ ಮನೆಗೆ ಬಂದ ಸಾಮಾನು ಒಂದೂ ಕಾಣಲ್ಲ. ಸುಮ್ನೆ ಕರಗಿತು.

14 ತಿಂಗಳಾದ ಮೇಲೆ ಕೂತು ಲೆಕ್ಕ ಹಾಕಿದೆ. ಮೊದಲೇ ಅವಧಿ ಇಳಿಸಿದ್ದರೆ ಇರಬೇಕಾಗಿದ್ದ ಬಾಕಿಗಿಂತ ನಮ್ಮ ಬಾಕಿ ಸುಮಾರು 36 ಸಾವಿರ ಜಾಸ್ತಿ ಇತ್ತು. ಆವತ್ತೇ ಶಾಖೆಗೆ ಹೋಗಿ ಕಂತನ್ನು ಮತ್ತೆ 21,696ಕ್ಕೆ ಏರಿಸಿ, ಅದಕ್ಕೆ ತಕ್ಕಂತೆ ಅವಧಿ ಇಳಿಸಿ ಅಂತ ಬರೆದುಕೊಟ್ಟೆ. ಇನ್ನು 112 ತಿಂಗಳು ಇರಬೇಕಿತ್ತು, 116 ಬಂತು. ಈಗ ಕೈಬಿಟ್ಟ 36 ಸಾವಿರಕ್ಕೆ ಕೊನೆಯಲ್ಲಿ ನಾಲ್ಕು ಕಂತು ಜಾಸ್ತಿ, ಅಂದರೆ ಸುಮಾರು 80 ಸಾವಿರ. ಹತ್ತಿರ ಹತ್ತು ವರ್ಷದ ಬಡ್ಡಿ ಸೇರಿ ಅಷ್ಟಾಯಿತು.

"ಉಳಿದ ರೊಕ್ಕ ಸಾಲಕ್ಕೇ ಯಾಕೆ, ಬೇರೆ ಕಡೆ ಹಾಕಬಹುದಲ್ಲ" ಅಂತ ಆಫೀಸಿನ ಗೆಳೆಯ ಕೇಳಿದ. ಪಿಪಿಎಫ್‌ಗೆ ಸಿಗೋದು 7.1, ಸಾಲಕ್ಕೆ ಕೊಡೋದು 8.5. ಆರ್‌ಡಿಯ ಬಡ್ಡಿಗೆ ತೆರಿಗೆ ಬೇರೆ. ಷೇರು ಮಾರುಕಟ್ಟೆಯ ಮಾತು ಬೇರೆ, ಆದರೆ ತಿಂಗಳಿಗೆ 4,000 ಸಾಲಕ್ಕೆ ಹಾಕೋಕೆ ಆಗದ ನಾನು ಅಲ್ಲಿ ಶಿಸ್ತಾಗಿ ಹಾಕುತ್ತೇನೆ ಅನ್ನೋದನ್ನು ನನ್ನ ಹೆಂಡತಿ ನಂಬಲ್ಲ, ನಾನೂ ನಂಬಲ್ಲ.

ದರ ಏರಿದಾಗ ಎರಡು ದಾರಿಗಳ ಫರಕು ಇನ್ನೂ ದೊಡ್ಡದಾಗಿ ಕಾಣುತ್ತೆ, ಇದು ನನಗೆ ತಡವಾಗಿ ಹೊಳೆದ ವಿಷಯ. 2022ರ ಮೇಯಿಂದ 2023ರ ಫೆಬ್ರವರಿ ತನಕ, ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ 4ರಿಂದ 6.5ಕ್ಕೆ ಏರಿತಲ್ಲ, ಆಗ ಬಹಳ ಜನರ ಕಂತು ಬದಲಾಗಲಿಲ್ಲ, ಅವಧಿ ಮಾತ್ರ ಸದ್ದಿಲ್ಲದೆ ಉದ್ದ ಆಯಿತು. ನಮ್ಮದೇ ಅಂಕಿ ತಗೊಂಡು ದರ ಒಂದು ಪರ್ಸೆಂಟ್ ಏರಿತು, ಕಂತು ಹಾಗೇ ಇದೆ ಅಂದುಕೊಳ್ಳಿ. 17,757ರ ದಾರಿಯಲ್ಲಿ ಸುಮಾರು 27 ತಿಂಗಳು ಜಾಸ್ತಿಯಾಗುತ್ತೆ, 21,696ರ ದಾರಿಯಲ್ಲಿ 10. ಸಣ್ಣ ಕಂತಿನಲ್ಲಿ ಬಡ್ಡಿ ಕಳೆದು ಅಸಲಿಗೆ ಉಳಿಯೋದೇ ಕಡಿಮೆ, ಬಡ್ಡಿ ಸ್ವಲ್ಪ ಏರಿದರೂ ಅದನ್ನೇ ತಿಂದುಬಿಡುತ್ತೆ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸೂಚನೆ ಪ್ರಕಾರ ದರ ಬದಲಾದಾಗ ಕಂತು ಏರಿಸಬೇಕೋ ಅವಧಿ ಏರಿಸಬೇಕೋ ಅಂತ ನಮ್ಮನ್ನು ಕೇಳಬೇಕು. ಹಾಗೆ ಕೇಳುವ ಮೆಸೇಜ್ ಬಂದರೆ ಅಳಿಸಬೇಡಿ.

ಇಷ್ಟೆಲ್ಲ ಬರೆದ ಮೇಲೂ ನಮ್ಮ ಅಕ್ಕನ ಮನೆಯವರಿಗೆ ನಾನು ಕಂತು ಇಳಿಸಿಕೊಳ್ಳಿ ಅಂತಲೇ ಹೇಳಿದೆ. ಭಾವನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಸೀಸನ್ನಿನಲ್ಲಿ ಕೈತುಂಬಾ ರೊಕ್ಕ, ಮಳೆಗಾಲದಲ್ಲಿ ಉದ್ರಿ ವಸೂಲಿಗೆ ಓಡಾಟ. ಅಂಥವರು ದೊಡ್ಡ ಕಂತು ಇಟ್ಟುಕೊಂಡರೆ ಆಗಸ್ಟ್‌ನಲ್ಲಿ ಒಂದು ಕಂತು ಬೌನ್ಸ್ ಆಗುತ್ತೆ, ದಂಡ ಬೀಳುತ್ತೆ, ಸಿಬಿಲ್ ಸ್ಕೋರ್ ಇಳಿಯುತ್ತೆ. ಆ ತ್ರಾಸು ತಪ್ಪಿಸೋಕೆ ಬಂಗಾರದ ಸಾಲ ತಗೊಂಡರೆ ಇತ್ತ ಉಳಿಸಿದ್ದು ಅತ್ತ ಹೋಗುತ್ತೆ. ಅವರು ಕಂತು ಸಣ್ಣದು ಮಾಡಿಸಿಕೊಂಡು, ಸೀಸನ್ ಮುಗಿದ ಮೇಲೆ ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಅಸಲಿಗೆ ಹಾಕುತ್ತಾರೆ. ಅವರಿಗೆ ರೊಕ್ಕ ಬರೋದೇ ಹಾಗೆ, ಮರೆಯೋಕೆ ಅವಕಾಶ ಇಲ್ಲ. ಇನ್ನೊಂದು ಸಾಲ ತೆಗೆಯೋರಿಗೂ ಸಣ್ಣ ಕಂತು ಅನುಕೂಲ, ಯಾಕಂದರೆ ಸಾಲ ಕೊಡೋರು ನೋಡೋದು ಪಗಾರದಲ್ಲಿ ಎಷ್ಟು ಪಾಲು ಕಂತಿಗೆ ಹೋಗುತ್ತೆ ಅನ್ನೋದನ್ನು. ಕ್ರೆಡಿಟ್ ಕಾರ್ಡ್ ಬಾಕಿ, ಪರ್ಸನಲ್ ಲೋನ್ ಇದ್ದೋರು ಮಾತ್ರ ಈ ಎರಡನ್ನೂ ಬಿಟ್ಟು ಮೊದಲು ಅದನ್ನು ತೀರಿಸಿ.

ನನ್ನಂಥ ತಿಂಗಳ ಪಗಾರದವರಿಗೆ, ಹಳೆಯ ಕಂತು ಕಟ್ಟಿ ರೂಢಿಯಾಗಿದ್ದರೆ, ಅವಧಿ ಇಳಿಸೋದೇ ವಾಸಿ ಅಂತ ನನ್ನ ತೀರ್ಮಾನ. ದೊಡ್ಡ ಕಂತಿಗೆ ವಾಪಸ್ ಹೋಗುವಾಗ ಹೆಂಡತಿ ಒಂದು ಷರತ್ತು ಹಾಕಿದಳು, ಮೂರು ಕಂತಿನಷ್ಟು ರೊಕ್ಕ ಎಫ್‌ಡಿಯಲ್ಲಿ ಇರಬೇಕು, ಅದೂ ಆಕೆಯ ಹೆಸರಿನಲ್ಲಿ. 65 ಸಾವಿರ ಇಟ್ಟಿದ್ದೇವೆ. ರಸೀದಿ ಎಲ್ಲಿದೆ ಅಂತ ನನಗೆ ಹೇಳಿಲ್ಲ.